ನೂರೆಂಬತ್ತು ದಿನಗಳ ಲೆಕ್ಕ: ಬ್ರಿಟನ್ನಿನಲ್ಲಿ ಉದ್ಯೋಗ ವೀಸಾದಿಂದ ಕಾಯಂ ವಾಸದವರೆಗೆ

ಬ್ರಿಟನ್ನಿಗೆ ಉದ್ಯೋಗದ ವೀಸಾ ಪಡೆದು ಹೋದವರ ವಾಸಕ್ಕೆ ಎರಡು ಕಟ್ಟುಗಳಿರುತ್ತವೆ. ಮೊದಲನೆಯದು ವೀಸಾದಲ್ಲಿ ನಮೂದಾದ ಅವಧಿ, ಎರಡನೆಯದು ಆ ವೀಸಾಕ್ಕೆ ಪ್ರಾಯೋಜಕನಾಗಿ ನಿಂತ ಉದ್ಯೋಗದಾತ ಸಂಸ್ಥೆ. ಈ ಎರಡೂ ಕಟ್ಟುಗಳು ಕಳಚಿ, ಕಾಲಮಿತಿಯಿಲ್ಲದೆ ನೆಲೆಸಲು ಮತ್ತು ಇಷ್ಟಬಂದ ಕೆಲಸ ಮಾಡಲು ದೊರೆಯುವ ಅನುಮತಿಗೆ ಅಲ್ಲಿನ ಕಾನೂನಿನಲ್ಲಿ ‘ಇಂಡೆಫಿನಿಟ್ ಲೀವ್ ಟು ರಿಮೇನ್’ ಎಂಬ ಹೆಸರಿದ್ದು, ಅಲ್ಲಿರುವ ಕನ್ನಡಿಗರೂ ಸೇರಿದಂತೆ ಭಾರತೀಯರೆಲ್ಲರ ಮಾತಿನಲ್ಲಿ ಅದು ಐಎಲ್‌ಆರ್ ಎಂದೇ ಬಳಕೆಯಲ್ಲಿದೆ. ಐಎಲ್‌ಆರ್ ಅರ್ಜಿಯಲ್ಲಿ ಸಂಬಳ, ಭಾಷಾಜ್ಞಾನ, ಪರೀಕ್ಷೆ ಮುಂತಾದ ಹಲವು ಷರತ್ತುಗಳಿದ್ದರೂ ಅವುಗಳಲ್ಲಿ ಬಹುಪಾಲು ಅರ್ಜಿಯ ಹೊತ್ತಿಗೆ ಪೂರೈಸಬಹುದಾದಂಥವು. ‘ನಿರಂತರ ವಾಸ’ ಎಂಬ ಷರತ್ತು ಮಾತ್ರ ವರ್ಷಗಳ ಹಿಂದೆ ಕೈಗೊಂಡ ಪ್ರಯಾಣಗಳನ್ನು ಅವಲಂಬಿಸಿರುವುದರಿಂದ, ಅಲ್ಲಿ ಆದ ತಪ್ಪನ್ನು ಅರ್ಜಿಯ ಸಮಯದಲ್ಲಿ ತಿದ್ದಲು ಬರುವುದಿಲ್ಲ.

ನಿರಂತರ ವಾಸವೆಂದರೆ ದೇಶದ ಗಡಿಯನ್ನೇ ದಾಟದೆ ಇರುವುದೆಂದು ಅರ್ಥವಲ್ಲ. ನಿಗದಿತ ಅವಧಿಯುದ್ದಕ್ಕೂ ಸಿಂಧುವಾದ ವೀಸಾ ಇರಬೇಕು, ಮತ್ತು ಆ ಅವಧಿಯೊಳಗಿನ ಯಾವುದೇ 12 ತಿಂಗಳ ಕಾಲದಲ್ಲಿ ಹೊರದೇಶದಲ್ಲಿ ಕಳೆದ ದಿನಗಳು 180ನ್ನು ಮೀರಬಾರದು ಎಂಬುದಷ್ಟೇ ಅದರ ತಿರುಳು. ನಿಯಮದ ಪಠ್ಯದಲ್ಲಿ ಇದು ಒಂದು ಸಾಲಿನಷ್ಟೇ ಜಾಗ ಹಿಡಿದರೂ, ಯಾವ ವೀಸಾದ ದಿನಗಳು ಲೆಕ್ಕಕ್ಕೆ ಬರುತ್ತವೆ, ದಿನವೆಂದರೆ ಯಾವುದು, ‘ಯಾವುದೇ 12 ತಿಂಗಳು’ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳಿಗೂ ಪ್ರತ್ಯೇಕವಾಗಿ ಉತ್ತರ ಕಂಡುಕೊಳ್ಳದೆ ಲೆಕ್ಕ ಸರಿಹೋಗುವುದಿಲ್ಲ.

ಯಾವ ವೀಸಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ

ಉದ್ಯೋಗದ ಮೂಲಕ ಐಎಲ್‌ಆರ್ ತಲುಪಲು ಅತಿ ಹೆಚ್ಚು ಬಳಕೆಯಲ್ಲಿರುವ ದಾರಿ ‘ಸ್ಕಿಲ್ಡ್ ವರ್ಕರ್’ ವೀಸಾ. ನರ್ಸುಗಳು, ವೈದ್ಯರು ಮೊದಲಾದವರು ಪಡೆಯುವ ‘ಹೆಲ್ತ್ ಅಂಡ್ ಕೇರ್ ವರ್ಕರ್’ ವೀಸಾ ಅದರದೇ ಒಂದು ಶಾಖೆ. ಈ ದಾರಿಯಲ್ಲಿ ರೂಢಿಯಾಗಿ ಬಂದಿರುವ ಅವಧಿ 5 ವರ್ಷ. ಈ 5 ವರ್ಷಗಳಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ದಿನಗಳ ಜೊತೆಗೆ ಅದರ ಹಿಂದಿನ ರೂಪವಾದ ‘ಟಿಯರ್ 2 ಜನರಲ್’ ವೀಸಾದ ದಿನಗಳನ್ನೂ, ‘ಗ್ಲೋಬಲ್ ಟ್ಯಾಲೆಂಟ್’ನಂತಹ ಕೆಲವು ವೀಸಾಗಳ ದಿನಗಳನ್ನೂ ಕೂಡಿಸಿಕೊಳ್ಳಬಹುದು. ವಿದ್ಯಾರ್ಥಿ ವೀಸಾ ಮತ್ತು ಓದು ಮುಗಿದ ಮೇಲೆ ದೊರೆಯುವ ‘ಗ್ರಾಜುಯೇಟ್’ ವೀಸಾಗಳ ದಿನಗಳು ಇದಕ್ಕೆ ಸೇರುವುದಿಲ್ಲ.

ಬೆಂಗಳೂರಿನ ಐಟಿ ಉದ್ಯೋಗಿಗಳ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಮಾತೆಂದರೆ, ಕಂಪನಿಯು ತನ್ನದೇ ಶಾಖೆಗೆ ‘ಆನ್‌ಸೈಟ್’ ಕಳಿಸುವಾಗ ಕೊಡಿಸುವ ‘ಇಂಟ್ರಾ ಕಂಪನಿ ಟ್ರಾನ್ಸ್‌ಫರ್’ ವೀಸಾ ಈ ದಾರಿಗೆ ಸೇರಿದ್ದಲ್ಲ ಎಂಬುದು. 2022ರ ಏಪ್ರಿಲ್‌ನಲ್ಲಿ ಇದರ ಹೆಸರು ‘ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ – ಸೀನಿಯರ್ ಆರ್ ಸ್ಪೆಷಲಿಸ್ಟ್ ವರ್ಕರ್’ ಎಂದು ಬದಲಾಯಿತಾದರೂ ಸ್ವರೂಪ ಬದಲಾಗಲಿಲ್ಲ: ಇದರಡಿ ಎಷ್ಟು ವರ್ಷ ದುಡಿದರೂ, ಅದೇ ಕಂಪನಿಯಲ್ಲಿ, ಅದೇ ಕುರ್ಚಿಯಲ್ಲಿ, ಅದೇ ತೆರಿಗೆ ಕಟ್ಟುತ್ತ ದುಡಿದಿದ್ದರೂ, 5 ವರ್ಷದ ಎಣಿಕೆಯಲ್ಲಿ ಆ ಕಾಲ ಸೊನ್ನೆ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾದ ದಿನದಿಂದಲೇ ಗಡಿಯಾರ ಓಡಲಾರಂಭಿಸುತ್ತದೆ. ಈ ಬದಲಾವಣೆಯನ್ನು ಈಗ ಬ್ರಿಟನ್ನಿನೊಳಗೆ ಇದ್ದುಕೊಂಡೇ ಮಾಡಿಕೊಳ್ಳಲು ಅವಕಾಶವಿರುವುದರಿಂದ, ನೆಲೆಸುವ ಇರಾದೆಯಿದ್ದವರು ಅದನ್ನು ಎರಡು ವರ್ಷ ಮುಂದೂಡಿದರೆ ಐಎಲ್‌ಆರ್ ಕೂಡ ಎರಡು ವರ್ಷ ಮುಂದೆ ಹೋಗುತ್ತದೆ. ಈ ಮಾತನ್ನು ಉದ್ಯೋಗಿಗೆ ಮೊದಲ ದಿನವೇ ತಿಳಿಸುವುದರಲ್ಲಿ ಕಂಪನಿಗೆ ಲಾಭವೇನೂ ಇಲ್ಲದ್ದರಿಂದ ಅದನ್ನು ಉದ್ಯೋಗಿಯೇ ಕೇಳಿ ತಿಳಿಯಬೇಕಾಗುತ್ತದೆ. ಹಾಗೆ ಸೊನ್ನೆಯಾದ ವರ್ಷಗಳಿಗೆ ಒಂದು ಸಣ್ಣ ಆಸರೆ ಉಳಿದಿದೆ: 10 ವರ್ಷಗಳ ಕಾನೂನುಬದ್ಧ ವಾಸದ ಆಧಾರದ ಮೇಲೆ ಐಎಲ್‌ಆರ್ ಕೊಡುವ ‘ಲಾಂಗ್ ರೆಸಿಡೆನ್ಸ್’ ಎಂಬ ಬೇರೆಯದೇ ದಾರಿಯಲ್ಲಿ ವಿದ್ಯಾರ್ಥಿ ವೀಸಾ ಮತ್ತು ಆನ್‌ಸೈಟ್ ವೀಸಾಗಳ ಕಾಲವೂ ಲೆಕ್ಕಕ್ಕೆ ಬರುತ್ತದೆ.

ದಿನವೆಂದರೆ ಯಾವುದು

ನಿಯಮವು ಲೆಕ್ಕಕ್ಕೆ ಹಿಡಿಯುವುದು ಪೂರ್ತಿ ಹೊರಗಿದ್ದ ದಿನಗಳನ್ನು ಮಾತ್ರ. ಬ್ರಿಟನ್ನಿನಿಂದ ಹೊರಟ ದಿನವೂ ಬ್ರಿಟನ್ನಿಗೆ ಮರಳಿದ ದಿನವೂ ಗೈರುಹಾಜರಿಯ ದಿನಗಳಾಗುವುದಿಲ್ಲ. ಶುಕ್ರವಾರ ಸಂಜೆ ಪ್ಯಾರಿಸ್ಸಿಗೆ ಹೋಗಿ ಭಾನುವಾರ ರಾತ್ರಿ ಮರಳಿದವರ ಲೆಕ್ಕಕ್ಕೆ ಶನಿವಾರ ಒಂದೇ ದಿನ ಸೇರುತ್ತದೆ. ಇಲ್ಲಿ ಭಾರತದ ಪ್ರಯಾಣಿಕರು ಎಡವುವ ಜಾಗವೊಂದಿದೆ. ಲಂಡನ್ನಿನಿಂದ ಮಧ್ಯಾಹ್ನ ಹೊರಟ ವಿಮಾನ ಬೆಂಗಳೂರು ಮುಟ್ಟುವುದು ಮರುದಿನ ಬೆಳಗಿನ ಜಾವವಾದ್ದರಿಂದ ಪಾಸ್‌ಪೋರ್ಟಿನಲ್ಲಿ ಬೀಳುವ ಭಾರತದ ಆಗಮನ ಮುದ್ರೆ ಮರುದಿನದ್ದಾಗಿರುತ್ತದೆ. ಬ್ರಿಟನ್ನಿನ ಅಧಿಕಾರಿಗಳಾದರೋ ಹೊರಹೋಗುವವರಿಗೆ ಮುದ್ರೆಯನ್ನೇ ಒತ್ತುವುದಿಲ್ಲ. ಮುದ್ರೆಯ ತಾರೀಖನ್ನೇ ಹೊರಟ ತಾರೀಖೆಂದು ಬರೆದುಕೊಂಡವರ ಪಟ್ಟಿಯಲ್ಲಿ ಪ್ರತಿ ಪ್ರಯಾಣಕ್ಕೂ ಒಂದೊಂದು ದಿನ ಕಡಿಮೆ ಬೀಳುತ್ತ ಹೋಗುತ್ತದೆ. ಹೊರಟ ತಾರೀಖಿಗೆ ಟಿಕೆಟ್ಟನ್ನೋ ಬೋರ್ಡಿಂಗ್ ಪಾಸನ್ನೋ ಆಧಾರವಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಇದೇ ರೀತಿ ಮರೆತುಹೋಗುವ ಇನ್ನೊಂದು ಪ್ರಯಾಣ ಐರ್ಲೆಂಡಿನದು. ಬ್ರಿಟನ್ ಮತ್ತು ಐರ್ಲೆಂಡ್ ಗಣರಾಜ್ಯದ ನಡುವೆ ‘ಕಾಮನ್ ಟ್ರಾವೆಲ್ ಏರಿಯಾ’ ಎಂಬ ಹೊಂದಾಣಿಕೆಯಿದ್ದು, ಡಬ್ಲಿನ್‌ನಿಂದ ಲಂಡನ್ನಿಗೆ ಬರುವಾಗ ಸಾಮಾನ್ಯವಾಗಿ ವಲಸೆ ತಪಾಸಣೆ ಇರುವುದಿಲ್ಲವಾದರೂ, ಐರ್ಲೆಂಡ್ ಬ್ರಿಟನ್ನಿನ ಭಾಗವಲ್ಲದ ಕಾರಣ ಅಲ್ಲಿ ಕಳೆದ ಪೂರ್ತಿ ದಿನಗಳು ಹೊರದೇಶದ ದಿನಗಳೇ ಆಗುತ್ತವೆ. ಕಂಪನಿಯ ಕೆಲಸದ ಮೇಲೆ ಹೋದ ಪ್ರಯಾಣಗಳಿಗೂ ವಿನಾಯಿತಿಯಿಲ್ಲ. ಗ್ರಾಹಕ ಸಂಸ್ಥೆಯ ಕರೆಯ ಮೇಲೆ ಜರ್ಮನಿಯಲ್ಲಿ ಮೂರು ವಾರ ಕಳೆದರೂ, ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಬ್ರಿಟನ್ನಿನ ಸಂಬಳವನ್ನೇ ಪಡೆಯುತ್ತ ಎರಡು ತಿಂಗಳು ಕೆಲಸ ಮಾಡಿದರೂ, ಅವು ರಜೆಯ ದಿನಗಳಷ್ಟೇ ತೂಕದ ಗೈರುಹಾಜರಿಗಳು.

ಎಣಿಕೆ ಶುರುವಾಗುವ ದಿನದ ವಿಷಯದಲ್ಲಿ ನಿಯಮ ತುಸು ಉದಾರವಾಗಿದೆ. ಭಾರತದಲ್ಲಿದ್ದು ವೀಸಾ ಪಡೆದವರಿಗೆ 5 ವರ್ಷದ ಅವಧಿ ವಿಮಾನ ಇಳಿದ ದಿನದಿಂದಲ್ಲದೆ ವೀಸಾ ಮಂಜೂರಾದ ದಿನದಿಂದಲೇ ಆರಂಭವಾಗುತ್ತದೆ. ಆದರೆ ಮಂಜೂರಾತಿಗೂ ಆಗಮನಕ್ಕೂ ನಡುವೆ ಊರಿನಲ್ಲಿ ಕಳೆದ ದಿನಗಳು ಗೈರುಹಾಜರಿಯೆಂದು ಮೊದಲ 12 ತಿಂಗಳ ಲೆಕ್ಕಕ್ಕೆ ಸೇರುತ್ತವೆ. ವೀಸಾ ಕೈಗೆ ಬಂದ ಮೇಲೆ ಮನೆ ಖಾಲಿ ಮಾಡುವುದು, ನೋಟಿಸ್ ಅವಧಿ ಮುಗಿಸುವುದು ಎಂದು ಎರಡು ತಿಂಗಳು ಉಳಿದವರು ಅದೇ ವರ್ಷ ಮತ್ತೆ ನಾಲ್ಕು ತಿಂಗಳು ಊರಿಗೆ ಬರುವ ಮುನ್ನ ಇದನ್ನು ನೆನೆಯಬೇಕು.

ಹಿಂದಕ್ಕೆ ನೋಡಿ ಎಣಿಸುವ ಕ್ರಮ

ಎಲ್ಲಕ್ಕಿಂತ ಹೆಚ್ಚು ಅರ್ಜಿಗಳು ತೊಡಕಿಗೆ ಸಿಲುಕುವುದು ‘ಯಾವುದೇ 12 ತಿಂಗಳು’ ಎಂಬ ಮಾತಿನ ಬಳಿ. 2018ರ ಜನವರಿ 11ಕ್ಕಿಂತ ಮುಂಚೆ ಅರ್ಜಿಯ ತಾರೀಖಿನಿಂದ ಹಿಂದಕ್ಕೆ ಒಂದೊಂದು ವರ್ಷದ ಐದು ತುಂಡುಗಳನ್ನು ಮಾಡಿ, ಪ್ರತಿ ತುಂಡಿನಲ್ಲೂ 180 ದಿನ ಮೀರಿಲ್ಲವೆಂದು ತೋರಿಸಿದರೆ ಸಾಕಿತ್ತು. ಆ ದಿನದ ಬಳಿಕ ಮಂಜೂರಾದ ವೀಸಾಗಳಿಗೆ ಅನ್ವಯಿಸುವುದು ಸರಿಯುತ್ತ ಹೋಗುವ ಅವಧಿ: ವರ್ಷದ ಯಾವ ದಿನದಿಂದ ಬೇಕಾದರೂ 12 ತಿಂಗಳನ್ನು ಅಳೆಯಬಹುದು, ಹಾಗೆ ಅಳೆದ ಒಂದೇ ಒಂದು ಅವಧಿಯಲ್ಲಿ 181 ದಿನ ಸಿಕ್ಕರೂ ನಿರಂತರತೆ ಮುರಿಯುತ್ತದೆ. ಹಳೆಯ ಕ್ರಮದಲ್ಲಿ ಐಎಲ್‌ಆರ್ ಪಡೆದ ಹಿರಿಯ ಸಹೋದ್ಯೋಗಿಗಳು ‘ವರ್ಷಕ್ಕೆ ಆರು ತಿಂಗಳು ತನಕ ಪರವಾಗಿಲ್ಲ’ ಎಂದು ಸದ್ಭಾವದಿಂದಲೇ ಹೇಳುವ ಸಲಹೆ ಇಂದಿಗೆ ಅಪಾಯಕಾರಿ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ಇದು ತಿಳಿಯಾಗುತ್ತದೆ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಮೊದಲು ಎರಡು ವರ್ಷ ಆನ್‌ಸೈಟ್ ವೀಸಾದಲ್ಲಿ ಬ್ರಿಟನ್ನಿನಲ್ಲಿದ್ದು ಊರಿಗೆ ಮರಳಿ, ಬಳಿಕ 2021ರ ಜನವರಿ 11ರಂದು ಸ್ಕಿಲ್ಡ್ ವರ್ಕರ್ ವೀಸಾ ಪಡೆದು ಫೆಬ್ರವರಿ 14ರಂದು ಲಂಡನ್ನಿಗೆ ಬಂದಿಳಿದರು ಎಂದುಕೊಳ್ಳೋಣ. ಹಿಂದಿನ ಎರಡು ವರ್ಷ ಲೆಕ್ಕಕ್ಕಿಲ್ಲ. 5 ವರ್ಷದ ಎಣಿಕೆ ಜನವರಿ 11ರಿಂದ ಆರಂಭವಾಗುತ್ತದೆ, ಮತ್ತು ಮಂಜೂರಾದ ದಿನವನ್ನೂ ಎಚ್ಚರಿಕೆಗಾಗಿ ಸೇರಿಸಿಕೊಂಡರೆ ಮೊದಲ 34 ದಿನಗಳು ಗೈರುಹಾಜರಿಯಾಗುತ್ತವೆ. ಮುಂದಿನ ಒಂದೂವರೆ ವರ್ಷ ಅವರು ಎಲ್ಲಿಗೂ ಹೋಗಲಿಲ್ಲ. 2022ರ ಸೆಪ್ಟೆಂಬರ್ 5ರಂದು ತಂಗಿಯ ಮದುವೆಗೆಂದು ಹೊರಟು, ಊರಿನಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದ್ದರಿಂದ ಅಲ್ಲೇ ಉಳಿದು, ಡಿಸೆಂಬರ್ 10ರಂದು ಮರಳಿದರು. ಹೊರಟ ದಿನವನ್ನೂ ಮರಳಿದ ದಿನವನ್ನೂ ಬಿಟ್ಟರೆ ಸೆಪ್ಟೆಂಬರ್‌ನ 25, ಅಕ್ಟೋಬರ್‌ನ 31, ನವೆಂಬರ್‌ನ 30 ಮತ್ತು ಡಿಸೆಂಬರ್‌ನ 9, ಒಟ್ಟು 95 ದಿನ. ಮರುವರ್ಷ ಮೇ 20ರಂದು ಮತ್ತೆ ಹೊರಟು ಆಗಸ್ಟ್ 25ರಂದು ಬಂದರು. ಮೇ ತಿಂಗಳ 11, ಜೂನ್‌ನ 30, ಜುಲೈನ 31, ಆಗಸ್ಟ್‌ನ 24 ಸೇರಿ 96 ದಿನ.

ಕ್ಯಾಲೆಂಡರ್ ವರ್ಷದಂತೆ ನೋಡಿದರೆ 2022ರಲ್ಲಿ 95, 2023ರಲ್ಲಿ 96. ವೀಸಾ ಮಂಜೂರಾದ ಜನವರಿ 11ರಿಂದ ವರ್ಷಗಳನ್ನು ಕತ್ತರಿಸಿದರೂ ಅಷ್ಟೇ. ಎರಡೂ 180ರ ಅರ್ಧದ ಆಸುಪಾಸಿನಲ್ಲಿರುವುದರಿಂದ ಆತಂಕಕ್ಕೆ ಕಾರಣವೇ ಕಾಣುವುದಿಲ್ಲ. ಆದರೆ ಎರಡನೆಯ ಪ್ರಯಾಣದ ಕೊನೆಯ ಪೂರ್ತಿ ದಿನವಾದ 2023ರ ಆಗಸ್ಟ್ 24ರಲ್ಲಿ ನಿಂತು ಹಿಂದಕ್ಕೆ 12 ತಿಂಗಳು ನೋಡಿದರೆ ಆ ಅವಧಿ 2022ರ ಆಗಸ್ಟ್ 25ರಿಂದ ಆರಂಭವಾಗುತ್ತದೆ, ಮತ್ತು ಎರಡೂ ಪ್ರಯಾಣಗಳು ಇಡಿಯಾಗಿ ಅದರೊಳಗೆ ಬೀಳುತ್ತವೆ. 95 ಮತ್ತು 96 ಸೇರಿ 191. ಮಿತಿಗಿಂತ 11 ದಿನ ಹೆಚ್ಚು.

ಇದರಲ್ಲಿ ಗಮನಿಸಬೇಕಾದದ್ದು, ದೋಷ ಪ್ರಯಾಣಗಳ ಉದ್ದದಲ್ಲಿಲ್ಲ, ಅವುಗಳ ನಡುವಿನ ಅಂತರದಲ್ಲಿದೆ. ಇದೇ ಎರಡನೆಯ ಪ್ರಯಾಣವನ್ನು, ಒಂದು ದಿನವನ್ನೂ ಕಡಿಮೆ ಮಾಡದೆ, 23 ದಿನ ಮುಂದೂಡಿ ಜೂನ್ 12ಕ್ಕೆ ಹೊರಟು ಸೆಪ್ಟೆಂಬರ್ 17ಕ್ಕೆ ಮರಳಿದ್ದರೆ ನಿಯಮ ಮುರಿಯುತ್ತಿರಲಿಲ್ಲ. ಆಗ ಕೊನೆಯ ಪೂರ್ತಿ ದಿನ ಸೆಪ್ಟೆಂಬರ್ 16 ಆಗಿ, ಹಿಂದಿನ 12 ತಿಂಗಳು 2022ರ ಸೆಪ್ಟೆಂಬರ್ 17ರಿಂದ ಆರಂಭವಾಗಿ, ಮೊದಲ ಪ್ರಯಾಣದ ಆರಂಭದ 11 ದಿನಗಳು ಅವಧಿಯ ಹೊರಗೆ ಉಳಿಯುತ್ತಿದ್ದವು: 84 ಮತ್ತು 96 ಸೇರಿ ಸರಿಯಾಗಿ 180. ನಿಯಮ ನಿಷೇಧಿಸುವುದು 180ನ್ನು ಮೀರುವುದನ್ನೇ ಹೊರತು ಅದನ್ನು ಮುಟ್ಟುವುದನ್ನಲ್ಲ. ಆದರೂ ರದ್ದಾದ ಒಂದು ವಿಮಾನ ಇಡೀ ಲೆಕ್ಕವನ್ನು ಕೆಡಿಸಬಲ್ಲುದಾದ್ದರಿಂದ ಹತ್ತು ಹದಿನೈದು ದಿನಗಳ ಅವಕಾಶ ಬಿಟ್ಟುಕೊಂಡೇ ಟಿಕೆಟ್ ಮಾಡಿಸುವುದು ವಿವೇಕ.

ಹಿಂದಕ್ಕೆ ನೋಡುವ ಈ ಕ್ರಮದಲ್ಲಿ ಒಂದು ಅನುಕೂಲವಿದೆ. ಹಿಂದಿನ 12 ತಿಂಗಳ ಗೈರುಹಾಜರಿಯ ಮೊತ್ತ ಏರುವುದು ಹೊರಗಿರುವ ದಿನಗಳಲ್ಲಿ ಮಾತ್ರವಾದ್ದರಿಂದ, ಅದು ಶಿಖರ ಮುಟ್ಟುವುದು ಪ್ರಯಾಣವೊಂದರ ಕೊನೆಯ ಪೂರ್ತಿ ದಿನದಂದೇ. ಹೀಗಾಗಿ 5 ವರ್ಷದ ಸಾವಿರದ ಎಂಟುನೂರಕ್ಕೂ ಹೆಚ್ಚು ದಿನಗಳನ್ನು ಒಂದೊಂದಾಗಿ ಪರೀಕ್ಷಿಸುವ ಅಗತ್ಯವಿಲ್ಲ. ಪ್ರತಿ ಪ್ರಯಾಣದ ಕೊನೆಯಲ್ಲಿ ಒಂದು ಸಲ ಹಿಂದಿರುಗಿ ನೋಡಿದರೆ ಸಾಕು. ಪ್ರಯಾಣಗಳು ಬಹಳವಿದ್ದವರು ಎಕ್ಸೆಲ್ ಹಾಳೆಯಲ್ಲಿ ‘ಎ’ ಕಾಲಮ್ಮಿಗೆ ದಿನಕ್ಕೊಂದು ಸಾಲಿನಂತೆ ತಾರೀಖುಗಳನ್ನೂ, ‘ಬಿ’ ಕಾಲಮ್ಮಿಗೆ ಪೂರ್ತಿ ಹೊರಗಿದ್ದ ದಿನಕ್ಕೆ 1, ಉಳಿದ ದಿನಕ್ಕೆ 0 ಎಂದೂ ತುಂಬಿ, ಮೊದಲ ತಾರೀಖು ಎರಡನೆಯ ಸಾಲಿನಲ್ಲಿದ್ದರೆ 366ನೆಯ ಸಾಲಿನ ‘ಸಿ’ ಕಾಲಮ್ಮಿನಲ್ಲಿ ಕೆಳಗಿನ ಸೂತ್ರವನ್ನು ಬರೆದು ಕೊನೆಯವರೆಗೆ ಎಳೆದುಕೊಳ್ಳಬಹುದು.

```
=SUM(B2:B366)
```

ಪ್ರತಿ ಸಾಲಿನಲ್ಲೂ ಆ ದಿನಕ್ಕೆ ಮುಗಿಯುವ 365 ದಿನಗಳ ಗೈರುಹಾಜರಿ ಕಾಣಿಸುತ್ತದೆ. ಫೆಬ್ರವರಿ 29 ಒಳಗೊಂಡ 12 ತಿಂಗಳಿಗೆ 366 ದಿನಗಳಿರುವುದರಿಂದ, 179 ಅಥವಾ 180 ಕಂಡ ಕಡೆ ಒಂದು ಸಾಲು ಹೆಚ್ಚು ಸೇರಿಸಿ ಮತ್ತೊಮ್ಮೆ ನೋಡುವುದು ಒಳ್ಳೆಯದು. ಈ ಹಾಳೆಯ ಹೆಚ್ಚಿನ ಉಪಯೋಗವಿರುವುದು ಹಿಂದಿನದನ್ನು ಪರಿಶೀಲಿಸುವುದಕ್ಕಿಂತ, ಟಿಕೆಟ್ ಕೊಳ್ಳುವ ಮುನ್ನ ಮುಂದಿನ ಪ್ರಯಾಣದ ತಾರೀಖುಗಳನ್ನು ತುಂಬಿ ನೋಡುವುದರಲ್ಲಿ.

ಮುರಿದ ಮೇಲೆ

ಮೇಲಿನ ಎಂಜಿನಿಯರ್ ನಿಯಮ ಮುರಿಯದಿದ್ದಿದ್ದರೆ 2026ರ ಜನವರಿ 11ಕ್ಕೆ ಅವರ 5 ವರ್ಷ ಮುಗಿಯುತ್ತಿತ್ತು, ಮತ್ತು ಅವಧಿ ಮುಗಿಯುವ 28 ದಿನ ಮುಂಚಿತವಾಗಿ ಅರ್ಜಿ ಹಾಕಲು ಅವಕಾಶವಿರುವುದರಿಂದ 2025ರ ಡಿಸೆಂಬರ್ 14ರಿಂದಲೇ ಅರ್ಜಿ ಹಾಕಬಹುದಿತ್ತು. ಮುರಿದ ಮಾತ್ರಕ್ಕೆ ವೀಸಾ ರದ್ದಾಗುವುದಿಲ್ಲ, ಕೆಲಸಕ್ಕೂ ಧಕ್ಕೆಯಿಲ್ಲ. ಆ ತಾರೀಖಿನ ಐಎಲ್‌ಆರ್ ಮಾತ್ರ ಕೈತಪ್ಪುತ್ತದೆ. 5 ವರ್ಷವನ್ನು ಅರ್ಜಿಯ ಸುತ್ತಲಿನ ತಾರೀಖಿನಿಂದ ಹಿಂದಕ್ಕೆ ಎಣಿಸುವುದರಿಂದ, ಮೊದಲ ದೀರ್ಘ ಪ್ರಯಾಣವನ್ನು ಅವಧಿಯ ಹೊರಗೆ ಬಿಡುವಷ್ಟು ಕಾಲ ಕಾದರೆ ಉಳಿದ ಭಾಗ ಶುದ್ಧವಾಗುತ್ತದೆ. ಅತ್ಯಂತ ಸುರಕ್ಷಿತವಾಗಿ ಲೆಕ್ಕ ಹಾಕಿದರೆ ಆ ಪ್ರಯಾಣದಿಂದ ಮರಳಿದ 2022ರ ಡಿಸೆಂಬರ್ 10ನ್ನು ಹೊಸ ಆರಂಭವೆಂದು ಹಿಡಿಯಬೇಕು. ಆಗ 5 ವರ್ಷ ಮುಗಿಯುವುದು 2027ರ ಡಿಸೆಂಬರ್ 10ಕ್ಕೆ. ಹನ್ನೊಂದು ದಿನದ ಹೆಚ್ಚುವರಿಗೆ ತೆತ್ತ ಬೆಲೆ ಇಪ್ಪತ್ಮೂರು ತಿಂಗಳು, ಅದರೊಡನೆ ವೀಸಾ ವಿಸ್ತರಣೆಯ ಶುಲ್ಕ, ಮತ್ತು ಆರೋಗ್ಯ ಶಾಖೆಯ ವೀಸಾದವರನ್ನು ಬಿಟ್ಟು ಉಳಿದವರು ಕಟ್ಟಬೇಕಾದ, 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್ ಆಗಿರುವ ಆರೋಗ್ಯ ಮೇಲ್ತೆರಿಗೆ.

ಈ ವಿಳಂಬಕ್ಕೆ ಇನ್ನೊಂದು ಮುಖವೂ ಇದೆ. 2025ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಸರಕಾರ ಹೊರಡಿಸಿದ ಶ್ವೇತಪತ್ರದಲ್ಲಿ 5 ವರ್ಷದ ಸಾಮಾನ್ಯ ಅವಧಿಯನ್ನು 10 ವರ್ಷಕ್ಕೆ ಏರಿಸುವ ಪ್ರಸ್ತಾಪವಿತ್ತು, ಮತ್ತು ಅದೇ ವರ್ಷದ ನವೆಂಬರ್‌ನಲ್ಲಿ ಅದರ ಬಗ್ಗೆ ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಆರಂಭವಾಯಿತು. ಅರ್ಜಿಯ ತೀರ್ಮಾನವಾಗುವ ದಿನ ಜಾರಿಯಲ್ಲಿರುವ ನಿಯಮವೇ, ಬೇರೆ ಏರ್ಪಾಡು ಹೇಳಿಲ್ಲದ ಪಕ್ಷದಲ್ಲಿ, ಅರ್ಜಿಗೆ ಅನ್ವಯಿಸುತ್ತದೆಂದು ಅಲ್ಲಿನ ಸರ್ವೋಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2009ರಲ್ಲಿಯೇ ತೀರ್ಪಿತ್ತಿದೆ. ವೀಸಾ ಪಡೆದ ದಿನ ಇದ್ದ ನಿಯಮ ತನಗೆ ಕೊನೆಯವರೆಗೆ ಕಾಯ್ದಿಟ್ಟಿದೆಯೆಂಬ ನಂಬಿಕೆಗೆ ಸಾಮಾನ್ಯವಾಗಿ ಆಧಾರವಿಲ್ಲ. 2006ರಲ್ಲಿ ಅವಧಿ 4 ವರ್ಷದಿಂದ 5ಕ್ಕೆ ಏರಿದಾಗ, ‘ಹೈಲಿ ಸ್ಕಿಲ್ಡ್ ಮೈಗ್ರಂಟ್’ ಯೋಜನೆಯಡಿ ಅದಕ್ಕೆ ಮುಂಚೆಯೇ ಬಂದಿದ್ದವರು ನ್ಯಾಯಾಲಯಕ್ಕೆ ಹೋಗಿ ಹಳೆಯ ಅವಧಿಯನ್ನೇ ಉಳಿಸಿಕೊಂಡದ್ದು ನಿಜವಾದರೂ, ಅದು ಆ ಯೋಜನೆಯಲ್ಲಿ ಸರಕಾರ ಕೊಟ್ಟಿದ್ದ ಸ್ಪಷ್ಟ ಭರವಸೆಯ ಮೇಲೆ ನಿಂತ ಗೆಲುವು. ಆದ್ದರಿಂದ ಅರ್ಜಿ ಹಾಕುವ ಮುನ್ನ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್ ಪ್ರಕಟಿಸುವ ನಿಯಮದ ಅಂದಿನ ಪಠ್ಯವನ್ನೇ ಓದಬೇಕು. ಅವಧಿ ಎಷ್ಟೇ ಉದ್ದವಾದರೂ ಅದರೊಳಗಿನ ಪ್ರಯಾಣಗಳ ಪಟ್ಟಿ ಅರ್ಜಿದಾರನೇ ಇಟ್ಟುಕೊಂಡಿರಬೇಕಾದದ್ದು.

180ರ ಮಿತಿಗೆ ವಿನಾಯಿತಿಗಳಿವೆ, ಆದರೆ ಅವು ಕಿರಿದಾದವು. ಯುದ್ಧ, ಸಾಂಕ್ರಾಮಿಕ ರೋಗ ಅಥವಾ ನೈಸರ್ಗಿಕ ವಿಕೋಪದಿಂದ ಪ್ರಯಾಣ ಸಾಧ್ಯವಾಗದೆ ಸಿಕ್ಕಿಕೊಂಡ ದಿನಗಳು, ಹಾಗೂ ಅರ್ಜಿದಾರನ ಅಥವಾ ಹತ್ತಿರದ ಬಂಧುವಿನ ಪ್ರಾಣಾಪಾಯದ ಕಾಯಿಲೆ, ಹತ್ತಿರದ ಬಂಧುವಿನ ಸಾವು ಮುಂತಾದ ಅನಿವಾರ್ಯ ಕಾರಣಗಳಿಂದ ಹೊರಗಿದ್ದ ದಿನಗಳು ಲೆಕ್ಕದಿಂದ ಬಿಟ್ಟುಹೋಗಬಹುದು. ಉದಾಹರಣೆಯ ಎಂಜಿನಿಯರ್ 2023ರ ಮೇ 20ರಂದು ಹೊರಟಿದ್ದು ತಂದೆಗೆ ಹೃದಯಾಘಾತವಾಗಿ ಐಸಿಯುನಲ್ಲಿದ್ದ ಕಾರಣಕ್ಕೆ ಎಂದುಕೊಂಡರೆ, ಮೇ 21ರಿಂದ ಜೂನ್ 12ರವರೆಗಿನ 23 ದಿನಗಳಿಗೆ ಆಸ್ಪತ್ರೆಯ ದಾಖಲೆಗಳಿದ್ದು ಅಧಿಕಾರಿ ಅವನ್ನು ಒಪ್ಪಿದರೆ, 191 ಇದ್ದದ್ದು 168ಕ್ಕೆ ಇಳಿಯುತ್ತದೆ. ಹಾಗೆಂದು ಒಂದು ಕಾರಣ ಇಡೀ ಪ್ರಯಾಣವನ್ನು ಹೊದೆಯುವುದಿಲ್ಲ. ತಂದೆ ತೀರಿಕೊಂಡಾಗ ಕ್ರಿಯಾಕರ್ಮ ಮುಗಿಯುವವರೆಗೆ ಉಳಿದದ್ದನ್ನು ಅಧಿಕಾರಿ ಅರ್ಥಮಾಡಿಕೊಳ್ಳಬಹುದಾದರೂ, ಪೌತಿ ಖಾತೆ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆಯುತ್ತ ಕಳೆದ ಮೂರು ತಿಂಗಳನ್ನು ಅದೇ ಸಾಲಿಗೆ ಸೇರಿಸಿ ವಾದಿಸುವುದು ಕಷ್ಟ. ಆಸ್ಪತ್ರೆಯ ಬಿಡುಗಡೆ ಪತ್ರ, ವೈದ್ಯರ ತಾರೀಖುಸಹಿತ ಪತ್ರ, ಮರಣ ಪ್ರಮಾಣಪತ್ರಗಳನ್ನು ಆಗಲೇ ಪಡೆದಿಟ್ಟುಕೊಳ್ಳಬೇಕು, ಮತ್ತು ಅವು ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು.

ಕನ್ನಡ ಕುಟುಂಬಗಳಲ್ಲಿ ಈ ನಿಯಮ ಅತಿ ಸುಲಭವಾಗಿ ಮುರಿಯುವುದು ಹೆರಿಗೆಯ ಸಂದರ್ಭದಲ್ಲಿ. ಉದ್ಯೋಗಿಯ ಸಂಗಾತಿಗೆ ದೊರೆಯುವ ಅವಲಂಬಿತ ವೀಸಾಕ್ಕೂ, 2018ರ ಜನವರಿ 11ರ ಬಳಿಕ ಮಂಜೂರಾದ ಪಕ್ಷದಲ್ಲಿ, ಇದೇ 180 ದಿನಗಳ ಮಿತಿ ಅನ್ವಯಿಸುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆಂದು ತವರಿಗೆ ಬಂದು, ಹೆರಿಗೆಯಾಗಿ, ಐದು ತಿಂಗಳ ಬಾಣಂತನ ಮುಗಿಸಿ, ಮಗುವಿನ ಪಾಸ್‌ಪೋರ್ಟ್ ಮತ್ತು ವೀಸಾ ಬರುವವರೆಗೆ ಕಾದು ಮರಳುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿರುತ್ತದೆ. ಸಹಜ ಹೆರಿಗೆಯೂ ಬಾಣಂತನವೂ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲ. ಫಲವಾಗಿ ಗಂಡನಿಗೆ ಐಎಲ್‌ಆರ್ ಸಿಕ್ಕಿ ಹೆಂಡತಿ ಇನ್ನೂ ವರ್ಷಗಟ್ಟಲೆ ಅವಲಂಬಿತ ವೀಸಾದಲ್ಲಿಯೇ ಉಳಿಯುವ, ಅಥವಾ ಹೆಂಡತಿಯೇ ಉದ್ಯೋಗಿಯಾಗಿದ್ದರೆ ಇಡೀ ಕುಟುಂಬದ ಅರ್ಜಿ ಹಿಂದೆ ಬೀಳುವ ಪರಿಸ್ಥಿತಿ ಬರುತ್ತದೆ. ಮಕ್ಕಳಿಗೆ ಮಾತ್ರ ಈ ಗೈರುಹಾಜರಿಯ ಲೆಕ್ಕವಿಲ್ಲ. ತವರಿನವರೇ ಬ್ರಿಟನ್ನಿಗೆ ಸಂದರ್ಶಕ ವೀಸಾದಲ್ಲಿ ಬಂದು ಬಾಣಂತನ ಮಾಡುವ ರೂಢಿ ಅಲ್ಲಿನ ಕುಟುಂಬಗಳಲ್ಲಿ ಬೆಳೆದಿದೆ. ಅದಕ್ಕೆ ಚಳಿಯೂ ಖರ್ಚೂ ಅಡ್ಡಿಯಾದರೂ, ಈ ಲೆಕ್ಕದ ದೃಷ್ಟಿಯಿಂದ ಅದು ಜಾಣತನದ ಕ್ರಮ.

ಗೈರುಹಾಜರಿಯಷ್ಟೇ ಅಲ್ಲದೆ ವೀಸಾ ಇಲ್ಲದ ಬಿಡುವೂ ನಿರಂತರತೆಯನ್ನು ಮುರಿಯುತ್ತದೆ. ಕೆಲಸ ಕಳೆದುಕೊಂಡಾಗ ಪ್ರಾಯೋಜಕ ಸಂಸ್ಥೆ ಅದನ್ನು ಹೋಮ್ ಆಫೀಸಿಗೆ ತಿಳಿಸುತ್ತದೆ, ಮತ್ತು ಅದರ ಮೇಲೆ ವೀಸಾದ ಅವಧಿಯನ್ನು ಸಾಮಾನ್ಯವಾಗಿ 60 ದಿನಗಳಿಗೆ ಮೊಟಕುಗೊಳಿಸಿ ಪತ್ರ ಬರುತ್ತದೆ. ಆ 60 ದಿನಗಳೊಳಗೆ ಹೊಸ ಪ್ರಾಯೋಜಕನೊಂದಿಗೆ ಅರ್ಜಿ ಹಾಕಿದರೆ, 1971ರ ವಲಸೆ ಕಾಯ್ದೆಯ 3ಸಿ ಕಲಮಿನಂತೆ ತೀರ್ಮಾನವಾಗುವವರೆಗೆ ಹಳೆಯ ಅನುಮತಿಯೇ ಮುಂದುವರಿಯುತ್ತದೆ, ಹಿಂದಿನ ವರ್ಷಗಳೂ ಉಳಿಯುತ್ತವೆ. ಕೆಲಸವಿಲ್ಲದ ಆ ಕೆಲವು ವಾರಗಳಿಂದ ಎಣಿಕೆ ನಿಲ್ಲುವುದಿಲ್ಲ, ಏಕೆಂದರೆ ನಿಯಮ ಕೇಳುವುದು ಅನುಮತಿ ಇತ್ತೇ ಎಂದು. ಊರಿನಲ್ಲಿದ್ದಾಗಲೇ ವೀಸಾ ಮುಗಿದುಹೋದವರು, ಹೊರಡುವಾಗ ವೀಸಾ ಇದ್ದು, ಅದು ಮುಗಿಯುವ ಮುನ್ನ ಅಥವಾ ಮುಗಿದ 14 ದಿನಗಳೊಳಗೆ ಹೊಸದಕ್ಕೆ ಅರ್ಜಿ ಹಾಕಿ ಅದು ಮಂಜೂರಾದರೆ ಮಾತ್ರ ಹಿಂದಿನ ಕಾಲವನ್ನು ಉಳಿಸಿಕೊಳ್ಳುತ್ತಾರೆ.

ಅರ್ಜಿಯ ಹೊತ್ತಿಗೆ

ಉಳಿದ ಷರತ್ತುಗಳು ಚಿಕ್ಕವು. ಉದ್ಯೋಗದಾತ ಸಂಸ್ಥೆ ಆ ಹುದ್ದೆಗೆ ಅರ್ಜಿದಾರನ ಅಗತ್ಯ ಮುಂದೆಯೂ ಇದೆಯೆಂದು, ನಿಯಮ ಕೇಳುವಷ್ಟು ಸಂಬಳ ಕೊಡುತ್ತಿದ್ದೇನೆಂದು ದೃಢೀಕರಿಸಬೇಕು. ‘ಲೈಫ್ ಇನ್ ದ ಯುಕೆ’ ಪರೀಕ್ಷೆಯ 24 ಪ್ರಶ್ನೆಗಳಲ್ಲಿ 18ಕ್ಕೆ 45 ನಿಮಿಷದಲ್ಲಿ ಸರಿಯುತ್ತರ ಕೊಡಬೇಕು. ಇಂಗ್ಲಿಷ್ ಜ್ಞಾನದ ಪುರಾವೆ ಬೇಕು.

ಪ್ರಯಾಣಗಳ ಪಟ್ಟಿಯನ್ನು ಅರ್ಜಿಯಲ್ಲಿ ತುಂಬುವಾಗ ಹಳೆಯ ಪಾಸ್‌ಪೋರ್ಟು, ಇಮೇಲಿನಲ್ಲಿರುವ ಟಿಕೆಟ್ಟುಗಳು, ಕಚೇರಿಯ ರಜೆಯ ದಾಖಲೆ ಮೂರನ್ನೂ ಒಂದಕ್ಕೊಂದು ಹೋಲಿಸಬೇಕು. ಗೊಂದಲವಿದ್ದರೆ, ತಮ್ಮ ಬಗ್ಗೆ ಹೋಮ್ ಆಫೀಸಿನಲ್ಲಿರುವ ಪ್ರಯಾಣದ ಮಾಹಿತಿಯ ಪ್ರತಿಯನ್ನು ದತ್ತಾಂಶ ರಕ್ಷಣಾ ಕಾನೂನಿನಡಿ ಶುಲ್ಕವಿಲ್ಲದೆ ಕೇಳಿ ಪಡೆಯಲು ಅವಕಾಶವಿದೆ; ವಿಮಾನ ಸಂಸ್ಥೆಗಳು ಕಳಿಸುವ ಪ್ರಯಾಣಿಕರ ವಿವರ ಇಲಾಖೆಯ ಬಳಿ ಇರುವುದರಿಂದ, ಅರ್ಜಿದಾರ ಮರೆತ ಪ್ರಯಾಣ ಅಧಿಕಾರಿಯ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು, ಮತ್ತು ಮರೆವಿಗೂ ಮುಚ್ಚಿಟ್ಟದ್ದಕ್ಕೂ ವ್ಯತ್ಯಾಸವನ್ನು ಆಮೇಲೆ ವಿವರಿಸುವುದು ಸುಲಭವಲ್ಲ. ಅರ್ಜಿ ಸಲ್ಲಿಸಿದ ಮೇಲೆ ತೀರ್ಮಾನ ಬರುವವರೆಗೆ ಬ್ರಿಟನ್, ಐರ್ಲೆಂಡ್ ಮತ್ತು ಸುತ್ತಲಿನ ಚಾನೆಲ್ ದ್ವೀಪ, ಐಲ್ ಆಫ್ ಮ್ಯಾನ್‌ಗಳನ್ನೊಳಗೊಂಡ ಪ್ರಯಾಣ ವಲಯದಿಂದ ಹೊರಗೆ ಹೋಗುವಂತಿಲ್ಲ. ಹೋದರೆ ಆ ದಿನವೇ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸಲಾಗುತ್ತದೆ. ದಸರೆಗೆ ಮುಂಚೆಯೇ ಕೊಂಡಿಟ್ಟ ಟಿಕೆಟ್ಟಿದ್ದವರು ಮರಳಿ ಬಂದ ಮೇಲೆ ಅರ್ಜಿ ಹಾಕುವುದೇ ಒಳ್ಳೆಯದು.

ಐಎಲ್‌ಆರ್ ದೊರೆತ ಮೇಲೆ 180ರ ಲೆಕ್ಕ ಮುಗಿಯುತ್ತದೆ, ಬೇರೆ ಲೆಕ್ಕಗಳು ಆರಂಭವಾಗುತ್ತವೆ. ಒಂದೇ ಸಮನೆ 2 ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಐಎಲ್‌ಆರ್ ತಾನಾಗಿಯೇ ಬಿದ್ದುಹೋಗುತ್ತದೆ. ಪೌರತ್ವಕ್ಕೆ ಅರ್ಜಿ ಹಾಕುವವರಿಗೆ, ಸಂಗಾತಿ ಬ್ರಿಟಿಷ್ ಪ್ರಜೆಯಲ್ಲದ ಪಕ್ಷದಲ್ಲಿ, ಹಿಂದಿನ 5 ವರ್ಷಗಳಲ್ಲಿ ಒಟ್ಟು 450 ದಿನ ಮತ್ತು ಕೊನೆಯ 12 ತಿಂಗಳಲ್ಲಿ 90 ದಿನ ಎಂಬ ಮಿತಿಗಳಿದ್ದು, ಐಎಲ್‌ಆರ್ ಸಿಕ್ಕಿ ಒಂದು ವರ್ಷ ಕಳೆದಿರಬೇಕು. ಜೊತೆಗೆ, ಅರ್ಜಿ ಹೋಮ್ ಆಫೀಸಿಗೆ ತಲುಪುವ ತಾರೀಖಿಗೆ ಸರಿಯಾಗಿ 5 ವರ್ಷ ಹಿಂದಿನ ಆ ದಿನದಂದು ಅರ್ಜಿದಾರ ಬ್ರಿಟನ್ನಿನ ನೆಲದ ಮೇಲೆ ಇದ್ದಿರಬೇಕು. ಐಎಲ್‌ಆರ್‌ನ ಲೆಕ್ಕದಲ್ಲಿ ವೀಸಾ ಮಂಜೂರಾದ ಮೇಲೆ ಊರಿನಲ್ಲಿ ಕಳೆದ ಮೊದಲ ವಾರಗಳು ಅವಧಿಯೊಳಗೆ ಸೇರುತ್ತಿದ್ದರೆ, ಇಲ್ಲಿ ಆ 5 ವರ್ಷ ಹಿಂದಿನ ದಿನ ಹೊರದೇಶದ ಪ್ರಯಾಣವೊಂದರೊಳಗೆ ಬಿದ್ದರೆ ಅರ್ಜಿ ತಿರಸ್ಕೃತವಾಗುವ ಸಾಧ್ಯತೆಯಿದೆ.